ಗೀಸರ್, ಕೆಂಡ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂ: ಮೂರು ಬಗೆಯ ಸೆನ್ಸರ್‌ಗಳ ಹೋಲಿಕೆ

ಬಳ್ಳಾರಿಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ‘ಗ್ಯಾಸ್ ಅಲಾರಂ’ ಎಂದು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಸಿಲಿಂಡರ್ ಸೋರಿಕೆಯನ್ನು ಹಿಡಿಯುವ ಸಾಧನ. ಇಂಧನ ಅರೆಬರೆ ಉರಿದಾಗ ಹುಟ್ಟುವ, ಬಣ್ಣ–ವಾಸನೆಯಿಲ್ಲದ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡಿಗಾಗಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾದ್ದರಿಂದ ಆ ಸಾಧನವನ್ನು ನೆಲದ ಹತ್ತಿರ ಹಾಕುತ್ತಾರೆ; ಕಾರ್ಬನ್ ಮಾನಾಕ್ಸೈಡ್ ಗಾಳಿಗಿಂತ ತುಸುವೇ ಹಗುರ, ಉರಿಯ ಬಿಸಿಗಾಳಿಯ ಜೊತೆ ಮೇಲೇರಿ ಕೋಣೆಯ ತುಂಬ ಬೆರೆತುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಅದು ಹುಟ್ಟಬಹುದಾದ ಜಾಗಗಳು ಎರಡು: ಬಚ್ಚಲಿನ ಗ್ಯಾಸ್ ಗೀಸರ್ ಮತ್ತು ಮಗಳ ಬಾಣಂತನಕ್ಕೆಂದು ಮಂಚದ ಬಳಿ ಇಡುತ್ತಿದ್ದ ಕೆಂಡದ ಅಗ್ಗಿಷ್ಟಿಕೆ. ಈ ಎರಡನ್ನೂ ಮುಂದಿಟ್ಟುಕೊಂಡೇ ಮೂರು ಬಗೆಯವನ್ನು ತರಿಸಿ ನೋಡಿದೆ: ಬ್ಯಾಟರಿಯಿಂದ ನಡೆಯುವ ಎಲೆಕ್ಟ್ರೋಕೆಮಿಕಲ್ ಸೆನ್ಸರಿನ ಅಲಾರಂ, ಪ್ಲಗ್ಗಿಗೆ ಸಿಕ್ಕಿಸುವ ಸೆಮಿಕಂಡಕ್ಟರ್ ಸೆನ್ಸರಿನದು, ಮತ್ತು ಬಣ್ಣ ಬದಲಾಗುವ ಅಗ್ಗದ ಕಾರ್ಡು.

ಮೊದಲನೆಯದರೊಳಗೆ ಸಾಮಾನ್ಯವಾಗಿ ಪ್ಲಾಟಿನಂ ಲೇಪದ ಎಲೆಕ್ಟ್ರೋಡುಗಳೂ ಅವುಗಳ ನಡುವೆ ದುರ್ಬಲಗೊಳಿಸಿದ ಗಂಧಕಾಮ್ಲವೂ ಇರುತ್ತವೆ. ಒಳಬಂದ ಕಾರ್ಬನ್ ಮಾನಾಕ್ಸೈಡ್ ಅಲ್ಲಿ ಉತ್ಕರ್ಷಣಗೊಂಡಾಗ ಅತಿ ಸಣ್ಣ ವಿದ್ಯುತ್ ಹರಿಯುತ್ತದೆ. ಅನಿಲ ಎಷ್ಟು ಹೆಚ್ಚೋ ವಿದ್ಯುತ್ ಅಷ್ಟು ಹೆಚ್ಚು. ಎರಡನೆಯದರಲ್ಲಿ ತವರದ ಆಕ್ಸೈಡಿನ ಪದರವೊಂದನ್ನು ಹೀಟರಿನಿಂದ ಸದಾ ಕಾಯಿಸುತ್ತಿರಬೇಕು, ಅನಿಲ ತಾಗಿದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಕಾರ್ಡಿನ ಮಾತು ಬಹಳವಿಲ್ಲ: ಅದರ ಚುಕ್ಕೆ ಅನಿಲ ತಾಗಿದರೆ ಕಪ್ಪಾಗುತ್ತದೆ, ಆದರೆ ಸದ್ದು ಮಾಡುವುದಿಲ್ಲ. ಮಲಗಿದವರನ್ನು ಎಬ್ಬಿಸಲಾರದ ವಸ್ತುವನ್ನು ಅಲಾರಂ ಎನ್ನಲು ನನಗೆ ಮನಸ್ಸಿಲ್ಲ. ಪೊಟ್ಟಣ ಒಡೆದ ಮೇಲೆ ಅದರ ಆಯಸ್ಸೂ ಸಾಮಾನ್ಯವಾಗಿ ಕೆಲವೇ ತಿಂಗಳು.

ಹಿತ್ತಲಿನಲ್ಲಿ, ಮೂರು ಕಡೆ ತೆರೆದ ತಗಡಿನ ಚಪ್ಪರದ ಕೆಳಗೆ ಅಗ್ಗಿಷ್ಟಿಕೆ ಇಟ್ಟು, ಮೂರನ್ನೂ ಒಂದೇ ಹಗ್ಗಕ್ಕೆ ತೂಗುಹಾಕಿ, ನಾವೆಲ್ಲ ದೂರ ನಿಂತು ಗಮನಿಸಿದೆವು. ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿದಾಗ ದಟ್ಟ ಹೊಗೆ ಎದ್ದಿತು. ಎಲೆಕ್ಟ್ರೋಕೆಮಿಕಲ್ ಅಲಾರಂ ಮಾತ್ರ ಕಡಿಮೆ ಅಂಕಿಯನ್ನೇ ತೋರಿಸುತ್ತಿತ್ತು. ಹೊಗೆಯೆಲ್ಲ ಅಡಗಿ ಇದ್ದಿಲು ಕೆಂಪಗೆ ನಿಗಿನಿಗಿ ಎನ್ನತೊಡಗಿದ ಮೇಲೆ ಅಂಕಿ ಏರಿ 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು, ದಾಟಿತು. ಹೊಗೆ ಹೋದ ಮೇಲೆ ಕೆಂಡವನ್ನು ಒಳಗೆ ತರಬಹುದೆಂಬ ನಮ್ಮ ಕಡೆಯ ರೂಢಿ ಎಷ್ಟು ಅಪಾಯಕಾರಿ ಎಂಬುದು ಅಲ್ಲಿ ಕಣ್ಣಿಗೆ ಕಂಡಿತು. ಸೆಮಿಕಂಡಕ್ಟರಿನದು ಇದಕ್ಕೆ ವ್ಯತಿರಿಕ್ತವಾಗಿ ಹೊಗೆಯ ಹೊತ್ತಿಗೇ ಕೂಗಿಕೊಂಡಿತ್ತು. ಮನೆಯೊಳಗೂ ಅದು ಲೋಬಾನಕ್ಕೂ ನೆಲ ಒರೆಸುವ ದ್ರಾವಣಕ್ಕೂ ಕೂಗಿದ್ದರಿಂದ, ಮನೆಯವರು ಅದರ ಪ್ಲಗ್ ಕಿತ್ತಿಡುವ ಅಭ್ಯಾಸವನ್ನೇ ಮಾಡಿಕೊಂಡರು.

ಎಲೆಕ್ಟ್ರೋಕೆಮಿಕಲ್ ಅಲಾರಂ 100 ದಾಟಿದ ಕೂಡಲೇ ಕೂಗದೆ ಸ್ವಲ್ಪ ಹೊತ್ತು ತೆಗೆದುಕೊಂಡದ್ದನ್ನು ದೋಷವೆಂದು ತಿಳಿಯಬಾರದು. ಈ ಅನಿಲದ ಅಪಾಯ ಅದರ ಪ್ರಮಾಣ ಮತ್ತು ಅದನ್ನು ಉಸಿರಾಡಿದ ಅವಧಿ ಎರಡನ್ನೂ ಅವಲಂಬಿಸಿರುವುದರಿಂದ, ಇಎನ್ 50291 ಎಂಬ ಯುರೋಪಿನ ಮಾನದಂಡದ ಪ್ರಕಾರ ಅಲಾರಂ 50 ಪಿಪಿಎಂನಲ್ಲಿ 60ರಿಂದ 90 ನಿಮಿಷಗಳ ನಡುವೆ, 100ರಲ್ಲಿ 10ರಿಂದ 40 ನಿಮಿಷಗಳ ನಡುವೆ, 300ರಲ್ಲಿ 3 ನಿಮಿಷದೊಳಗೆ ಕೂಗಬೇಕು. ಆದ್ದರಿಂದಲೇ ಅಂಕಿ ತೋರಿಸುವ ಪರದೆ ಇರುವ ಮಾದರಿಗೆ ಸ್ವಲ್ಪ ಹೆಚ್ಚು ಹಣ ಕೊಡುವುದು ಸಾರ್ಥಕ. ಕೂಗುವ ಮೊದಲೇ ಕಿಟಕಿ ತೆರೆಯಬಹುದು. ಕೆಲವು ಮಾದರಿಗಳ ಪರದೆ 30 ಪಿಪಿಎಂವರೆಗೆ ಸೊನ್ನೆಯನ್ನೇ ತೋರಿಸುತ್ತದೆ ಎಂಬುದನ್ನು ಮಾತ್ರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಕರೆಂಟಿನ ವಿಷಯದಲ್ಲಿ ತೀರ್ಮಾನ ಸುಲಭವಾಯಿತು. ಪ್ಲಗ್ಗಿನ ಅಲಾರಂ ಕರೆಂಟ್ ಹೋದೊಡನೆ ಸುಮ್ಮನಾಗುತ್ತದೆ, ಬಂದ ಮೇಲೂ ಹೀಟರ್ ಕಾಯುವ ತನಕ ನಂಬುವಂತಿಲ್ಲ. ಅಕ್ಕಪಕ್ಕದವರ ಜನರೇಟರ್ ಹೊಗೆ ಕಿಟಕಿಯಿಂದ ಒಳನುಗ್ಗುವುದು ಸರಿಯಾಗಿ ಅದೇ ಹೊತ್ತಿಗೆ.

ಹಾಗೆಂದು ಎಲೆಕ್ಟ್ರೋಕೆಮಿಕಲ್ ಸೆನ್ಸರ್ ದೋಷರಹಿತವೇನಲ್ಲ. ಅದನ್ನು ಮೊದಲು ಪಡಸಾಲೆಯಲ್ಲಿ, ಇನ್ವರ್ಟರಿನ ಮೇಲಿನ ಗೋಡೆಗೆ ಹಾಕಿದ್ದೆವು. ರಾತ್ರಿ ಬಹಳ ಹೊತ್ತು ಕರೆಂಟ್ ಹೋಗಿ ಬೆಳಗಿನ ಜಾವ ಬ್ಯಾಟರಿ ಚಾರ್ಜ್ ಆಗುವಾಗ, ಗೀಸರ್ ಹಚ್ಚಿರದಿದ್ದರೂ ಪರದೆಯ ಅಂಕಿ ಏರುತ್ತಿತ್ತು. ನೀರು ಹಾಕುವ ಸೀಸ–ಆಮ್ಲ ಬ್ಯಾಟರಿಗಳು ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತವೆ, ಈ ಸೆನ್ಸರುಗಳು ಹೈಡ್ರೋಜನ್ನಿಗೂ ಸ್ಪಂದಿಸುತ್ತವೆ. ಅಲಾರಮ್ಮನ್ನು ಬಚ್ಚಲಿನ ಕಡೆಗೆ ಸರಿಸಿದ ಮೇಲೆ ಅದು ನಿಂತಿತು. ಬ್ಯಾಟರಿಯಿದ್ದ ಮೂಲೆಗೆ ಗಾಳಿಯಾಡುವಂತೆಯೂ ಮಾಡಿದೆವು, ಏಕೆಂದರೆ ಕೂಡಿಕೊಂಡ ಹೈಡ್ರೋಜನ್ನೂ ಹೊತ್ತಿಕೊಳ್ಳುವ ಅನಿಲವೇ. ಕಾರಣ ಖಚಿತವಾಗುವವರೆಗೆ ಮಾತ್ರ ಇಂಥ ಅಂಕಿಯನ್ನು ಕಾರ್ಬನ್ ಮಾನಾಕ್ಸೈಡ್ ಎಂದೇ ಭಾವಿಸಿ, ಬಾಗಿಲು ತೆರೆದು ಎಲ್ಲರೂ ಹೊರಬರಬೇಕು.

ಆಯಸ್ಸಿನ ಲೆಕ್ಕದಲ್ಲಿ ಪೆಟ್ಟಿಗೆಯ ಮೇಲಿನ ವರ್ಷಗಳನ್ನಷ್ಟೇ ನೋಡಿದರೆ ಸಾಲದು. ಎಲೆಕ್ಟ್ರೋಕೆಮಿಕಲ್ ಅಲಾರಂಗಳಿಗೆ ಸಾಮಾನ್ಯವಾಗಿ 5ರಿಂದ 10 ವರ್ಷ ಹೇಳುತ್ತಾರೆ, ಆದರೆ ಒಳಗಿನ ಸೆಲ್ ಗೋದಾಮಿನಲ್ಲಿದ್ದರೂ ಹಳೆಯದಾಗುತ್ತಲೇ ಇರುತ್ತದೆ. 7 ವರ್ಷದ ಸಾಧನವೊಂದು 2022ರ ಆಗಸ್ಟಿನಲ್ಲಿ ತಯಾರಾಗಿ, 2024ರ ಆಗಸ್ಟಿನಲ್ಲಿ ನಿಮ್ಮ ಮನೆಗೆ ಬಂದರೆ, ನೀವು 7 ವರ್ಷದ ಬೆಲೆ ಕೊಟ್ಟು 5 ವರ್ಷ ಕೊಂಡಂತೆ. ರಿಯಾಯಿತಿಯಲ್ಲಿ ಸಿಗುವ ಸರಕಿನಲ್ಲಿ ಇದು ಹೆಚ್ಚು, ಹೀಗಾಗಿ ಹಿಂಬದಿಯ ದಿನಾಂಕ ಓದದೆ ಒಪ್ಪಿಕೊಳ್ಳಬಾರದು. ನಮ್ಮ ಬಿಸಿಲಿನದೂ ಒಂದು ಪಾಲಿದೆ: ದೀರ್ಘಕಾಲದ ಒಣ ಸೆಕೆಗೆ ಸೆಲ್ಲಿನ ದ್ರವದ ನೀರಿನಂಶ ಕಡಿಮೆಯಾಗುತ್ತದೆ, ಅನೇಕ ಮಾದರಿಗಳ ಬಳಕೆಯ ಮಿತಿಯೇ 40 ಡಿಗ್ರಿ, ಬಳ್ಳಾರಿಯ ಏಪ್ರಿಲ್–ಮೇ ತಿಂಗಳಲ್ಲಿ ಹೊರಗಿನ ತಾಪವೇ ಅದನ್ನು ದಾಟುತ್ತದೆ. ಸೆಮಿಕಂಡಕ್ಟರ್ ಸೆನ್ಸರ್ ಈ ಒಂದು ವಿಷಯದಲ್ಲಿ ಗಟ್ಟಿ, ಅದರಲ್ಲಿ ಒಣಗುವ ದ್ರವವಿಲ್ಲ. ಆದರೆ ಸಿಲಿಕೋನ್ ಇರುವ ಸ್ಪ್ರೇ, ಸೀಲಂಟ್‌ಗಳ ಆವಿ ಅದನ್ನು ಸದ್ದಿಲ್ಲದೆ ಮಂದಗೊಳಿಸುತ್ತದೆ.

ಹೀಗಾಗಿ ಎಲೆಕ್ಟ್ರೋಕೆಮಿಕಲ್ ಅಲಾರಮ್ಮನ್ನೇ ಆಯ್ದು, ಇನ್ನೊಂದನ್ನು ತರಿಸಿ ಎರಡು ಕಡೆ ಹಾಕಿದೆವು. ಮೇಲಂತಸ್ತಿನ ಕೋಣೆಯ ಛಾವಣಿ ಬೇಸಿಗೆಯಲ್ಲಿ ಕಾದ ಹಂಚಿನಂತಿರುವುದರಿಂದ ಛಾವಣಿಗೆ ಹಾಕುವ ಯೋಚನೆಯನ್ನು ಬಿಟ್ಟೆವು. ಗೀಸರಿನದು ಬಚ್ಚಲಿನ ಒಳಗಿಲ್ಲ, ಏಕೆಂದರೆ ಆವಿ ಮತ್ತು ತೇವ ಅದನ್ನು ಕೆಡಿಸುತ್ತವೆ. ಬಚ್ಚಲಿನ ಬಾಗಿಲ ಹೊರಗೆ, ಒಳಗಿನ ತಂಪು ಗೋಡೆಯ ಮೇಲೆ, ಬಾಗಿಲ ಚೌಕಟ್ಟಿಗಿಂತ ಎತ್ತರದಲ್ಲಿ, ಛಾವಣಿಗಿಂತ 15 ಸೆಂಟಿಮೀಟರಿಗೂ ಕೆಳಗೆ ಇದೆ. ಒಲೆ, ಗೀಸರಿನಂಥ ಉರಿಯುವ ಸಾಧನ ಇರುವ ಕೋಣೆಯಲ್ಲೇ ಹಾಕುವುದಾದರೆ ಅದರಿಂದ 1ರಿಂದ 3 ಮೀಟರ್ ಅಂತರವಿರಬೇಕು. ಎಕ್ಸಾಸ್ಟ್ ಫ್ಯಾನ್ ಇಲ್ಲವೇ ಕಿಟಕಿಯ ಪಕ್ಕ, ಬಟ್ಟೆಯ ಪರದೆಯ ಹಿಂಬದಿ, ಕಪಾಟಿನ ಒಳಗು ಯಾವುದೂ ಸಲ್ಲದು. ಬಚ್ಚಲಿನ ಬಾಗಿಲು ಹಾಕಿದ್ದರೆ ಹೊರಗಿನ ಅಲಾರಮ್ಮಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ, ಒಳಗೆ ಸ್ನಾನ ಮಾಡುವವರನ್ನು ಅದು ಕಾಪಾಡುತ್ತದೆಂದು ನಂಬಬಾರದು. ಗೀಸರನ್ನೇ ಹೊರಗೋಡೆಗೆ ಸಾಗಿಸುವುದು ಅದಕ್ಕೆ ಪರಿಹಾರ, ನಾವೂ ಅದನ್ನೇ ಮಾಡಿಸಿದೆವು.

ಬಾಣಂತಿ ಕೋಣೆಯದು ಮಲಗಿದವರ ಉಸಿರಿನ ಎತ್ತರದಲ್ಲಿ, ದಿಂಬಿನ ಕಡೆಯ ಗೋಡೆಯ ಮೇಲಿದೆ. ಹಿತ್ತಲಿನ ಅಂಕಿಗಳನ್ನು ಕಂಡ ಮೇಲೆ ಅಗ್ಗಿಷ್ಟಿಕೆಯ ಬದಲು ಬಿಸಿನೀರಿನ ಚೀಲ ಬಂದಿದೆಯಾದರೂ ಅಲಾರಮ್ಮನ್ನು ತೆಗೆದಿಲ್ಲ. ಪ್ರತಿ ತಿಂಗಳು ಟೆಸ್ಟ್ ಗುಂಡಿ ಒತ್ತುತ್ತೇವೆ; ಹೆಚ್ಚಿನ ಮಾದರಿಗಳಲ್ಲಿ ಅದು ಬ್ಯಾಟರಿ, ಸರ್ಕ್ಯೂಟು ಮತ್ತು ಸದ್ದನ್ನು ಪರೀಕ್ಷಿಸುತ್ತದೆಯೇ ಹೊರತು ಸೆಲ್ ಅನಿಲವನ್ನು ಹಿಡಿಯುತ್ತದೆಯೇ ಎಂಬುದನ್ನಲ್ಲ. ಆಗಾಗ ಒಂದೊಂದೇ ಸಣ್ಣ ಕೀಚಲು ಸದ್ದು ಬಂದರೆ ಬ್ಯಾಟರಿ ಇಳಿದಿರಬಹುದು ಅಥವಾ ಆಯಸ್ಸು ಮುಗಿದಿರಬಹುದು, ಯಾವುದೆಂಬುದು ಹಿಂಬದಿಯ ಪಟ್ಟಿಯಲ್ಲಿರುತ್ತದೆ. ಹೊಸ ಬ್ಯಾಟರಿ ಹಾಕಿದ ಮೇಲೂ ಸದ್ದು ನಿಲ್ಲದಿದ್ದರೆ ಅಥವಾ ಹಿಂಬದಿಯ ದಿನಾಂಕ ಮೀರಿದ್ದರೆ, ಇಡೀ ಸಾಧನವನ್ನೇ ಬದಲಿಸಬೇಕು.