ಸೀರೆ ಡಿಸ್‌ಪ್ಲೇಗೆ ಸಿಆರ್‌ಐ 90, 24 ಡಿಗ್ರಿ ಟ್ರ್ಯಾಕ್ ಸ್ಪಾಟ್: ಎರಡು ವರ್ಷ ಬಳಸಿದ ಮೇಲೆ

ತುಮಕೂರಲ್ಲಿ ನಮ್ದೊಂದು ಚಿಕ್ಕ ಬಟ್ಟೆ ಅಂಗಡಿ, ಜಾಸ್ತಿ ಸೀರೆ, ಬ್ಲೌಸ್ ಪೀಸು, ಒಂದು ಕಡೆ ಪಂಚೆ ಶರ್ಟು. ಬಾಡಿಗೆಗೆ ತಗೊಂಡಾಗ ಹಳೇ ಬಾಡಿಗೆದಾರರು ಹಾಕಿಸಿದ್ದ ಲೈಟೇ ಇತ್ತು, 6500 ಕೆಲ್ವಿನ್ ಬಿಳಿ ಪ್ಯಾನೆಲ್ಲು, ಗ್ಲಾಸ್ ಹತ್ರ ನಾಲ್ಕು ಅಗಲ ಬೆಳಕಿನ ಸ್ಪಾಟು. ಕೆಲ್ವಿನ್ ಜಾಸ್ತಿ ಆದಷ್ಟು ಬಿಳಿ ನೀಲಿ ಕಡೆಗೆ ಹೋಗುತ್ತೆ, ಕಮ್ಮಿ ಆದಷ್ಟು ಹಳದಿ ಕಡೆಗೆ. ಬೆಳಕೇನೋ ಧಾರಾಳವಾಗಿತ್ತು, ಆದ್ರೂ ಬಂದೋರೆಲ್ಲ ಬ್ಲೌಸ್ ಪೀಸ್ ಹಿಡ್ಕೊಂಡು ರೋಡಿಗೆ ಹೋಗಿ ಮ್ಯಾಚಿಂಗ್ ನೋಡೋರು. "ಅಕ್ಕಾ ತಡ್ಕಳಿ, ಬಿಸ್ಲಲ್ಲಿ ನೋಡ್ಕಂಡ್ ಬತ್ತೀನಿ, ಒಳಗೆ ಒಂದು ಬಣ್ಣ ಹೊರಗೆ ಒಂದು ಬಣ್ಣ ಐತೆ" ಅಂತ ಒಬ್ರು ಹೇಳಿದ್ರು, ಅದು ಪೂರ್ತಿ ನಿಜ. ಮರೂನ್ ಸೀರೆ ಒಳಗೆ ಕಾಫಿ ಪುಡಿ ಬಣ್ಣ, ರಾಣಿ ಪಿಂಕ್ ಸಪ್ಪೆ, ನೇವಿ ಬ್ಲೂ ಯಾವ್ದು ಕಪ್ಪು ಯಾವ್ದು ಅಂತ ನಮಗೇ ಗೊತ್ತಾಗ್ತಿರಲಿಲ್ಲ.

ಬ್ರ್ಯಾಂಡ್ ಹೆಸರು ಹೇಳಿ ಪ್ರಯೋಜನ ಇಲ್ಲ ಅನ್ಸುತ್ತೆ, ಒಂದೇ ಕಂಪನಿ ಸಿಆರ್‌ಐ 80ನೂ ಮಾರುತ್ತೆ 90ನೂ ಮಾರುತ್ತೆ. ಸಿಆರ್‌ಐ ಅಂದ್ರೆ ಲೈಟು ಬಣ್ಣಗಳನ್ನ ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋದಕ್ಕೆ ನೂರಕ್ಕೆ ಇಷ್ಟು ಅಂತ ಕೊಡೋ ನಂಬರು. ನಾವು ಹಾಕಿರೋದು 12 ವ್ಯಾಟಿನ ಸಿಒಬಿ, ಅಂದ್ರೆ ಸಣ್ಣ ಚಿಪ್ಪುಗಳನ್ನ ಒಂದೇ ಕಡೆ ಒತ್ತಾಗಿ ಕೂರಿಸಿದ, ಟ್ರ್ಯಾಕ್ ಲೈಟು ನಾಲ್ಕು, ಸಿಆರ್‌ಐ 90ರ ಮೇಲೆ, 4000 ಕೆಲ್ವಿನ್, ಬೆಳಕು ಹರಡೋ ಕೋನ ಮೂರಕ್ಕೆ 24 ಡಿಗ್ರಿ, ಒಂದಕ್ಕೆ 36 ಡಿಗ್ರಿ. ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರೋಡಿಂದ ತಂದ್ವಿ. 80 ಸಿಆರ್‌ಐ ಇರೋ ಅದೇ ಲೈಟಿಗಿಂತ ರೇಟು ಹೆಚ್ಚುಕಮ್ಮಿ ಒಂದೂವರೆ ಪಟ್ಟು.

ಸಿಆರ್‌ಐ ಬಗ್ಗೆ ಮೊದಲು ಹೇಳ್ತೀನಿ, ಯಾಕಂದ್ರೆ ಅಂಗಡಿಯೋರು ಎಲ್ಲಾ "80 ಸಾಕು ಮೇಡಂ, ಎಲ್ರೂ ಅದೇ ಹಾಕ್ಸೋದು" ಅಂತಾರೆ. ಆ ನಂಬರು ಎಂಟು ಬಣ್ಣದ ಸ್ಯಾಂಪಲ್ ಮೇಲೆ ತೆಗೆದ ಸರಾಸರಿ, ಆ ಎಂಟೂ ತಿಳಿ ಬಣ್ಣಗಳೇ. ಕಡು ಕೆಂಪು ಅದ್ರಲ್ಲಿ ಸೇರೇ ಇಲ್ಲ, ಅದಕ್ಕೆ ಆರ್9 ಅಂತ ಬೇರೆ ನಂಬರು. ಸಾಮಾನ್ಯ ಎಲ್ಇಡಿ ಒಳಗಿರೋದು ನೀಲಿ ಬೆಳಕು ಕೊಡೋ ಚಿಪ್ಪು, ಅದರ ಮೇಲೆ ಹಳದಿ ಫಾಸ್ಫರ್ ಬಳಿದು ಬಿಳಿ ಮಾಡ್ತಾರೆ, ಅದ್ರಲ್ಲಿ ಕಡು ಕೆಂಪಿನ ಪಾಲೇ ಕಮ್ಮಿ. ಬೆಳಕಲ್ಲೇ ಕೆಂಪಿಲ್ಲ ಅಂದ್ಮೇಲೆ ಸೀರೆ ಎಲ್ಲಿಂದ ಕೆಂಪು ವಾಪಸ್ ಕೊಡುತ್ತೆ? ಹಾಗಾಗಿ ಡಬ್ಬದ ಮೇಲೆ 80 ಅಂತ ಚೆನ್ನಾಗೇ ಬರ್ದಿರುತ್ತೆ, ಒಳಗೆ ಆರ್9 ಮಾತ್ರ ಸೊನ್ನೆ ಆಸುಪಾಸಲ್ಲಿ ಇರಬಹುದು, ಕೆಲವ್ರದ್ದು ಸೊನ್ನೆಗಿಂತ ಕೆಳಗೂ ಹೋಗುತ್ತೆ. ಸೀರೆ ಅಂಗಡಿಯಲ್ಲಿ ಕೆಂಪು, ಮರೂನ್, ಕುಂಕುಮ, ರಾಣಿ, ಕೇಸರಿ ಬಿಟ್ರೆ ಉಳಿಯೋದೇನು ಹೇಳಿ, ಮದುವೆ ಸೀಸನ್ ನಡೆಯೋದೇ ಆ ಬಣ್ಣಗಳ ಮೇಲೆ.

ಅದಕ್ಕೆ ಕಂಪನಿ ಲೈಟಿನ ಅಳತೆಗಳನ್ನ ಬರೆದು ಕೊಡೋ ಡೇಟಾಶೀಟ್ ಕೇಳಿ, ಆರ್9 50ರ ಮೇಲಿದೆಯಾ ನೋಡಿ. ನಮ್ಮದ್ರಲ್ಲಿ 60 ಇತ್ತು. ಡೇಟಾಶೀಟ್ ಇಲ್ಲ ಅಂದ್ರೆ ನಾವು ಮಾಡಿದ್ ಹಾಗೆ ಮಾಡಿ: ಬ್ಯಾಗಲ್ಲಿ ಒಂದು ಮರೂನ್ ರೇಷ್ಮೆ ಬ್ಲೌಸ್ ಪೀಸು, ಒಂದು ನೇವಿ ಬ್ಲೂ, ಒಂದು ಕಪ್ಪು ಇಟ್ಕೊಂಡ್ ಹೋಗಿ. ಲೈಟ್ ಆನ್ ಮಾಡ್ಸಿ ಕೆಳಗೆ ಹಿಡೀರಿ, ತಕ್ಷಣ ಬಾಗಿಲ ಹತ್ರ ಹಗಲು ಬೆಳಕಿಗೆ ಬಂದು ನೋಡಿ, ಮತ್ತೆ ಒಳಗೆ ಹೋಗಿ. ಮರೂನ್ ಕಂದಾಗಿದ್ರೆ ಬೇಡ. ನೇವಿ ಕಪ್ಪು ಪಕ್ಕ ಪಕ್ಕ ಇಟ್ಟಾಗ ಬೇರೆ ಬೇರೆ ಅಂತ ಕಾಣ್ಲಿಲ್ಲ ಅಂದ್ರೂ ಬೇಡ, ಅದೇ ತರ ನಿಮ್ಮ ಅಂಗೈ ಹಿಡಿದು ನೋಡಿ, ರಕ್ತ ಇಲ್ಲದ ಕೈ ತರ ಬೂದಿ ಬೂದಿ ಕಂಡ್ರೆ ಕೆಂಪು ಕಮ್ಮಿ ಅಂತಾನೇ ಅರ್ಥ. ಒಂದು ವಿಷ್ಯ ಗಮನದಲ್ಲಿರಲಿ, ಅದೇ ವ್ಯಾಟಿಗೆ 90 ಸಿಆರ್‌ಐ ಲೈಟು 80ಕ್ಕಿಂತ ಸ್ವಲ್ಪ ಕಮ್ಮಿ ಬೆಳಕು ಕೊಡುತ್ತೆ. ಅಂಗಡಿಯವ್ರು ಎರಡನ್ನೂ ಪಕ್ಕದಲ್ಲಿ ಹಚ್ಚಿ "ನೋಡಿ ಇದೇ ಜಾಸ್ತಿ ಬ್ರೈಟು" ಅಂತ 80 ಕಡೆ ತೋರಿಸ್ತಾರೆ, ಆಗ ಬಲ್ಬ್ ನೋಡ್ಬೇಡಿ, ಬಟ್ಟೆ ನೋಡಿ.

ಇದರಿಂದ ಆಗಿದ್ದೇನು ಅಂದ್ರೆ, ಮ್ಯಾಚಿಂಗಿಗೆ ರೋಡಿಗೆ ಹೋಗೋರು ತುಂಬಾ ಕಮ್ಮಿ ಆದ್ರು. ಪೂರ್ತಿ ನಿಂತಿಲ್ಲ. ಸೀರೆ ಒಂದು ಡೈ, ಬ್ಲೌಸ್ ಪೀಸ್ ಇನ್ನೊಂದು ಡೈ ಆಗಿದ್ರೆ ಒಂದು ಬೆಳಕಲ್ಲಿ ಸೇರೋದು ಇನ್ನೊಂದ್ರಲ್ಲಿ ಸೇರಲ್ಲ, ಅದಕ್ಕೆ ಯಾವ ಲೈಟೂ ಪರಿಹಾರ ಅಲ್ಲ. ಅಂಥ ಕಡೆ ನಾನೇ "ಹೊರಗೂ ಒಂದ್ಸಲ ನೋಡಿಬಿಡಿ" ಅಂತೀನಿ, ಮನೆಗೆ ಹೋಗಿ ವಾಪಸ್ ತರೋದಕ್ಕಿಂತ ಅದು ಒಳ್ಳೇದು.

ಬಿಳಿ ಬಟ್ಟೆ ವಿಷ್ಯಕ್ಕೆ ಬಂದ್ರೆ ಸಿಆರ್‌ಐ ಅಷ್ಟು ಸಹಾಯ ಮಾಡಲ್ಲ. ಪಂಚೆ, ಬಿಳಿ ಶರ್ಟಿಗೆ ಮಿಲ್ಲಲ್ಲೇ ಹೊಳಪಿನ ಕೆಮಿಕಲ್ ಹಾಕಿರ್ತಾರೆ, ಅದು ಬಿಸಿಲಿನ ಅಲ್ಟ್ರಾವಯೊಲೆಟ್ ಹೀರ್ಕೊಂಡು ನೀಲಿ ಬೆಳಕಾಗಿ ಬಿಡುತ್ತೆ, ಅದಕ್ಕೇ ಬಿಸಿಲಲ್ಲಿ ಪಂಚೆ ಫಳಫಳ. ಸಾಮಾನ್ಯ ಎಲ್ಇಡಿಯಲ್ಲಿ ಅಲ್ಟ್ರಾವಯೊಲೆಟ್ ಇಲ್ಲ ಅನ್ನೋಷ್ಟು ಕಮ್ಮಿ, ಹಾಗಾಗಿ 97 ಸಿಆರ್‌ಐ ತಂದ್ರೂ ಆ ಫಳಫಳ ಬರಲ್ಲ. 3000 ಕೆಲ್ವಿನ್‌ನಲ್ಲಿ ಜರಿ ಬಹಳ ಚೆಂದ ಕಾಣುತ್ತೆ, ಪಂಚೆ ಮಾತ್ರ ಹಳೇದರ ತರ ಹಳದಿ ಹೊಡೆಯುತ್ತೆ. ಜರಿಗೊಂದು ಪಂಚೆಗೊಂದು ಅಂತ ಬೇರೆ ಬೇರೆ ಕೆಲ್ವಿನ್ ಲೈಟು ತಂದು ಒಂದೇ ಗ್ಲಾಸಿನೊಳಗೆ ಹಾಕೋ ಆಸೆ ಬೇಡ, ಪಕ್ಕಪಕ್ಕ ಇದ್ರೆ ಒಂದು ಹಳದಿ ಇನ್ನೊಂದು ನೀಲಿ ಕಾಣುತ್ತೆ. 4000ಕ್ಕೆ ನಿಂತ್ಕೊಂಡ್ವಿ, ಜರಿಗೂ ಮೋಸ ಇಲ್ಲ.

ಈಗ ಬೀಮ್ ಆಂಗಲ್, ಅದೇ ಆ 24, 36 ಡಿಗ್ರಿ ಲೆಕ್ಕ. ಇದನ್ನ ಸ್ವಲ್ಪ ಬಿಡಿಸಿ ಬರೀತೀನಿ, ಯಾಕಂದ್ರೆ ಎಲೆಕ್ಟ್ರಿಷಿಯನ್‌ಗಳು ಇದನ್ನ ಕೇಳೋದೇ ಇಲ್ಲ, ಸಿಕ್ಕಿದ್ದು ಹಾಕಿ ಹೋಗ್ತಾರೆ. ನಮ್ಮ ಡಿಸ್‌ಪ್ಲೇ ಆರಡಿ ಅಗಲ, ಸೀಲಿಂಗ್ ಒಂಬತ್ತೂವರೆ ಅಡಿ. ಟ್ರ್ಯಾಕ್ ಗ್ಲಾಸಿಗೆ ತಾಗಿ ಒಳಗಡೆ ಇದೆ, ಗೊಂಬೆ ಅಲ್ಲಿಂದ ಮೂರಡಿ ಹಿಂದೆ ನಿಂತಿದೆ. ಗೊಂಬೆಯ ಎದೆ ನೆಲದಿಂದ ನಾಲ್ಕೂವರೆ ಅಡಿ ಎತ್ತರ, ಅಂದ್ರೆ ಲೈಟಿಂದ ಐದಡಿ ಕೆಳಗೆ ಮೂರಡಿ ದೂರ, ಓರೆಯಾಗಿ ಟೇಪ್ ಹಿಡಿದ್ರೆ ಸುಮಾರು 5.8 ಅಡಿ. ಬೆಳಕಿನ ವೃತ್ತದ ಅಗಲ ಬೇಕು ಅಂದ್ರೆ ಆ ದೂರಾನ 24 ಡಿಗ್ರಿಗೆ 0.43ರಿಂದ, 36ಕ್ಕೆ 0.65ರಿಂದ, 60ಕ್ಕೆ 1.15ರಿಂದ ಗುಣಿಸಿ. ನಮಗೆ ಬಂದಿದ್ದು 24ಕ್ಕೆ ಎರಡೂವರೆ ಅಡಿ, 36ಕ್ಕೆ 3.8 ಅಡಿ, 60ಕ್ಕೆ ಆರೂಮುಕ್ಕಾಲು ಅಡಿ. ಹಳೇ ಸ್ಪಾಟು 60 ಡಿಗ್ರಿದು, ಅಂದ್ರೆ ಒಂದೊಂದು ಲೈಟೂ ಇಡೀ ಡಿಸ್‌ಪ್ಲೇಗಿಂತ ಅಗಲ! ಗೊಂಬೆಗೂ ಅಷ್ಟೇ ಬೆಳಕು, ಹಿಂದಿನ ಗೋಡೆಗೂ ಅಷ್ಟೇ, ನೆಲಕ್ಕೂ ಅಷ್ಟೇ, ಹಂಗಾದ್ರೆ ಕಣ್ಣು ಸೀರೆ ಮೇಲೆ ಯಾಕೆ ನಿಲ್ಲುತ್ತೆ.

ಎರಡೂವರೆ ಅಡಿ ವೃತ್ತ ಗೊಂಬೆಗೆ ಸಾಲಲ್ಲ ಅಂತ ಅನ್ಸಬಹುದು, ಸೀರೆ ಭುಜದಿಂದ ಪಾದದವರೆಗೆ ಹತ್ತಿರ ಹತ್ತಿರ ಐದಡಿ. ಆದ್ರೆ ಬೆಳಕು ಮೇಲಿಂದ ಓರೆಯಾಗಿ ಬೀಳೋದ್ರಿಂದ ನಿಂತಿರೋ ಗೊಂಬೆ ಮೇಲೆ ಅದು ದುಂಡಗಿರಲ್ಲ, ಕೆಳಗೆ ಉದ್ದಕ್ಕೆ ಎಳೆದುಕೊಂಡು ಎರಡು ಪಟ್ಟು ಆಗುತ್ತೆ. ನಮ್ಮ ಲೆಕ್ಕದಲ್ಲಿ ಎರಡೂವರೆ ಅಡಿ ಅಗಲ, ಐದೂವರೆ ಅಡಿ ಉದ್ದ, ಅಂದ್ರೆ ಒಂದು ಗೊಂಬೆಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ. ತೊಂದರೆ ಎಲ್ಲಿ ಅಂದ್ರೆ ಕೆಳಗಿನ ಅಂಚಲ್ಲಿ. ಡಿಗ್ರಿ ಅಂತ ಬರೆಯೋದು ನಡುವಿನ ಬೆಳಕು ಅರ್ಧ ಆಗೋ ಜಾಗಕ್ಕೆ, ಅದರ ಮೇಲೆ ಪಾದದ ಹತ್ರ ದೂರ ಜಾಸ್ತಿ, ಓರೆನೂ ಜಾಸ್ತಿ, ಎಲ್ಲಾ ಸೇರಿ ಆ ತುದಿಯಲ್ಲಿ ಬೀಳೋದು ಎದೆ ಹತ್ರದ ಬೆಳಕಿನ ಎಂಟರಲ್ಲೊಂದು ಪಾಲು. ಮೊಳಕಾಲ್ಮೂರು ಸೀರೆಯ ಅಂಚು ಕತ್ತಲಲ್ಲಿ ಮುಳುಗಿದ್ರೆ ಅದನ್ನ ಇಟ್ಟು ಏನ್ ಪ್ರಯೋಜನ. ಅದಕ್ಕೆ ಲೈಟನ್ನ ಎದೆಗೆ ಗುರಿ ಇಡ್ದೆ ಸೊಂಟಕ್ಕೆ ಇಟ್ವಿ, ನೆಲದಿಂದ ಮೂರೂವರೆ ಅಡಿಗೆ. ಈಗ ತಲೆ ಸ್ವಲ್ಪ ಮಂಕು, ಭುಜದಿಂದ ಅಂಚಿನವರೆಗೆ ಚೆನ್ನಾಗಿದೆ. ಗೊಂಬೆ ತಲೆ ಯಾರೂ ಕೊಂಡ್ಕೊಳ್ಳಲ್ಲವಲ್ಲ.

36 ಡಿಗ್ರಿ ಲೈಟು ಹಿಂದೆ ಸೆರಗು ಪೂರ್ತಿ ಬಿಡಿಸಿ ನೇತುಹಾಕಿರೋ ಸೀರೆಗೆ. ಸೀರೆ ಅಗಲ ಸುಮಾರು 45 ಇಂಚು, ಅಂದ್ರೆ ಮೂರೂಮುಕ್ಕಾಲು ಅಡಿ, ಲೆಕ್ಕ ಸರಿಯಾಗಿ ಕೂತ್ಕೊಳ್ತು. 15 ಡಿಗ್ರಿದೂ ಸಿಗುತ್ತೆ, ಆಭರಣಕ್ಕೆ ಸರಿ, ಸೀರೆ ಮೇಲೆ ಒಂದೂವರೆ ಅಡಿ ಬೆಳಕಿನ ಮಚ್ಚೆ ಬೀಳುತ್ತೆ ಅಷ್ಟೇ. ರೇಷ್ಮೆಗೆ ಇನ್ನೊಂದು ಮಾತು: ನೇರ ಎದುರಿಂದ ಹೊಡೆದ್ರೆ ಜರಿ ಬೆಳ್ಳಗೆ ಉರಿದು ಬಣ್ಣ ನುಂಗುತ್ತೆ. ಎಡಗಡೆ ಲೈಟು ಬಲಗಡೆ ಗೊಂಬೆಗೆ, ಬಲಗಡೇದು ಎಡಕ್ಕೆ, ಹಿಂಗೆ ಕತ್ತರಿ ಹಾಕಿದ್ರೆ ಮಡಿಕೆಗಳ ನೆರಳೂ ಬರುತ್ತೆ, ನೇಯ್ಗೆನೂ ಕಾಣುತ್ತೆ.

ಎರಡು ವರ್ಷದಲ್ಲಿ ಬೇಜಾರಾಗಿದ್ದು ಒಂದೇ. ಒಂದು ಲೈಟಿಗೆ ಕರೆಂಟ್ ಹದ ಮಾಡಿ ಕೊಡೋ ಡ್ರೈವರ್ ಹೋಯ್ತು, ಅದೇ ಮಾಡೆಲ್ ಹೊಸದು ತಂದು ಹಾಕಿದ್ರೆ ಪಕ್ಕದ್ದಕ್ಕಿಂತ ಸ್ವಲ್ಪ ಹಸಿರು ಛಾಯೆ. ಬ್ಯಾಚ್ ಬೇರೆ ಆದ್ರೆ 4000 ಅಂತ ಬರೆದಿದ್ರೂ ಬಿಳಿ ಒಂದೇ ತರ ಇರಲ್ಲ. ಈ ಬಿಳಿ ಲೈಟಿಂದ ಲೈಟಿಗೆ ಎಷ್ಟು ಬದಲಾಗಬಹುದು ಅನ್ನೋದನ್ನ ಮ್ಯಾಕ್‌ಆಡಮ್ ಸ್ಟೆಪ್ ಲೆಕ್ಕದಲ್ಲಿ ಹೇಳ್ತಾರೆ. ಡೇಟಾಶೀಟಲ್ಲಿ 3 ಸ್ಟೆಪ್ ಮ್ಯಾಕ್‌ಆಡಮ್ ಅಂತ ಇರೋದನ್ನ ತಗೊಂಡ್ರೆ ವ್ಯತ್ಯಾಸ ಕಣ್ಣಿಗೆ ಅಷ್ಟಾಗಿ ಗೊತ್ತಾಗಲ್ಲ, 5, 6 ಸ್ಟೆಪ್ ಇದ್ರೆ ಪಕ್ಕಪಕ್ಕ ಖಂಡಿತ ಗೊತ್ತಾಗುತ್ತೆ. ಶುರುನಲ್ಲೇ ಅದೇ ಬಾಕ್ಸಿಂದ ಒಂದು ಸ್ಪೇರ್ ತೆಗೆದಿಡಿ. ನಾವು ಆ ಹಸಿರು ಲೈಟನ್ನ ಗೋಡೆ ಕಡೆ ಒಬ್ಬಂಟಿಯಾಗಿ ಹಾಕಿದೀವಿ, ಅಲ್ಲಿ ಹೋಲಿಸಿ ನೋಡೋಕೆ ಏನೂ ಇಲ್ಲ.

ಮಧ್ಯಾಹ್ನ ಗ್ಲಾಸಲ್ಲಿ ರೋಡೇ ಕಾಣೋದು, ಹೊರಗಿನ ಬಿಸಿಲ ಮುಂದೆ 12 ವ್ಯಾಟ್ ಏನೂ ಅಲ್ಲ. ಅದಕ್ಕೆ ಮುಂದೆ ನೆರಳಿನ ಶೀಟ್ ಇಳಿಸಿದ್ದೇ ಕೆಲಸಕ್ಕೆ ಬಂತು. ಲೈಟು ಹಚ್ಚೋದು ಸಂಜೆ ಐದು ಗಂಟೆ ಕಾಲ, ನಾಲ್ಕೂ ಸೇರಿ 48 ವ್ಯಾಟು, ತಿಂಗಳಿಗೆ ಏಳೆಂಟು ಯುನಿಟ್ಟು, ಕರೆಂಟ್ ಬಿಲ್ ಬಗ್ಗೆ ಯೋಚನೆ ಬೇಡ.

ಟ್ರಯಲ್ ರೂಮಿಗೂ ಇದೇ ಸ್ಪಾಟ್ ಹಾಕ್ಬಹುದಾ ಅಂತ ಸುಮಾರು ಜನ ಕೇಳಿದಾರೆ. ಬೇಡ. ತಲೆ ಮೇಲಿಂದ 24 ಡಿಗ್ರಿ ಬಿದ್ರೆ ಕಣ್ಣ ಕೆಳಗೆ, ಗಲ್ಲದ ಕೆಳಗೆ ಕಪ್ಪು ನೆರಳು, ಹೆಣ್ಮಕ್ಕಳು ಸೀರೆನಲ್ಲ ಮುಖ ನೋಡಿ ಬೇಡ ಅಂತಾರೆ. ಕನ್ನಡಿಯ ಎರಡೂ ಪಕ್ಕ ನೆಟ್ಟಗೆ ಎರಡು ಬ್ಯಾಟನ್ ಟ್ಯೂಬು ಹಾಕಿ, ಸಿಆರ್‌ಐ 90, ಡಿಸ್‌ಪ್ಲೇಯಲ್ಲಿರೋ ಅದೇ 4000. ಗ್ಲಾಸಲ್ಲಿ ನೋಡಿ ಇಷ್ಟಪಟ್ಟ ಮರೂನ್ ಕನ್ನಡಿ ಮುಂದೆನೂ ಅದೇ ಮರೂನ್ ಆಗಿರ್ಬೇಕು.