ಅಪವರ್ತನ ವೃಕ್ಷವೋ, ಭಾಗಾಕಾರ ಕ್ರಮವೋ? ಒಂದು ಅಭ್ಯಾಸ ಹಾಳೆಯ ಎರಡು ರೂಪಗಳು

ಮಡಿಕೇರಿಯ ಸಮೀಪದ ನಮ್ಮ ಶಾಲೆಯಲ್ಲಿ ಜುಲೈ ತಿಂಗಳ ಪಾಠವೆಂದರೆ ತಗಡಿನ ಮಾಡಿನ ಮೇಲೆ ಸುರಿಯುವ ಮಳೆಯ ಸದ್ದಿನ ಜೊತೆಗಿನ ಪಾಠ. ಬಾಯಿಮಾತಿನ ವಿವರಣೆ ಹಿಂದಿನ ಬೆಂಚಿಗೆ ತಲುಪದ ಕಾರಣ, ಮ.ಸಾ.ಅ. ಮತ್ತು ಲ.ಸಾ.ಅ. ಪಾಠವನ್ನು ನಾನು ಹೆಚ್ಚಾಗಿ ಅಭ್ಯಾಸ ಹಾಳೆಗಳ ಮೂಲಕವೇ ಮಾಡಿಸುತ್ತೇನೆ. ಈ ಬಾರಿ ಒಂದೇ ಲೆಕ್ಕಗಳನ್ನು ಎರಡು ರೂಪದಲ್ಲಿ ಸಿದ್ಧಪಡಿಸಿ, ತರಗತಿಯ ಅರ್ಧದಷ್ಟು ಮಕ್ಕಳಿಗೆ ಅಪವರ್ತನ ವೃಕ್ಷದ ಹಾಳೆಯನ್ನೂ ಉಳಿದವರಿಗೆ ಭಾಗಾಕಾರ ಕ್ರಮದ ಹಾಳೆಯನ್ನೂ ಕೊಟ್ಟೆ.

ಮೊದಲನೆಯದು ಟೈಲ್ಸ್ ಲೆಕ್ಕ. 504 ಸೆಂ.ಮೀ. ಉದ್ದ, 420 ಸೆಂ.ಮೀ. ಅಗಲದ ಕೋಣೆಯ ನೆಲಕ್ಕೆ ಒಂದನ್ನೂ ಕತ್ತರಿಸದೆ ಹಾಸಬಹುದಾದ ಅತಿ ದೊಡ್ಡ ಚೌಕಾಕಾರದ ಟೈಲ್ ಯಾವುದು, ಅಂಥವು ಎಷ್ಟು ಬೇಕು? ವೃಕ್ಷದ ಹಾಳೆ ಪಡೆದ ಹುಡುಗಿಯೊಬ್ಬಳು 504ನ್ನು 8 × 63 ಎಂದು ಒಡೆದು, 8ನ್ನು ಮೂರು 2ಗಳಾಗಿಸಿ, 63ನ್ನು 9 × 7 ಎಂದು ಬರೆದು 9ಕ್ಕೆ ಸುತ್ತು ಹಾಕಿ ನಿಲ್ಲಿಸಿದ್ದಳು. 420 ಮಾತ್ರ 2 × 2 × 3 × 5 × 7 ಎಂದು ಸರಿಯಾಗಿಯೇ ಇತ್ತು. ಎರಡರಲ್ಲೂ ಸಮಾನವಾಗಿ ಕಂಡ 2, 2, 7 ಇವುಗಳನ್ನು ಗುಣಿಸಿ ಮ.ಸಾ.ಅ. 28 ಎಂದೂ, ಎಲ್ಲವನ್ನೂ ಸೇರಿಸಿ ಲ.ಸಾ.ಅ. 7560 ಎಂದೂ ಬರೆದಳು. ಸರಿಯಾದ ಉತ್ತರಗಳು 84 ಮತ್ತು 2520.

ನನ್ನನ್ನು ತಡೆದು ನಿಲ್ಲಿಸಿದ ಸಂಗತಿಯೆಂದರೆ, ನಾವು ಕಲಿಸುವ ಎರಡು ತಾಳೆಗಳಲ್ಲಿಯೂ ಅವಳ ತಪ್ಪು ಉತ್ತರ ಪಾರಾಗಿತ್ತು. ವೃಕ್ಷದ ತುದಿಯ ಸಂಖ್ಯೆಗಳನ್ನು ಗುಣಿಸಿದರೆ 2 × 2 × 2 × 9 × 7 ಎಂಬುದು 504 ಆಗಿಯೇ ಆಗುತ್ತದೆ. ಮ.ಸಾ.ಅ. ಮತ್ತು ಲ.ಸಾ.ಅ.ಗಳ ಗುಣಲಬ್ಧ ಎರಡು ಸಂಖ್ಯೆಗಳ ಗುಣಲಬ್ಧಕ್ಕೆ ಸಮವಿರಬೇಕೆಂಬ ನಿಯಮವನ್ನು ಹಚ್ಚಿದರೂ, 28 × 7560 ಮತ್ತು 504 × 420 ಎರಡೂ 2,11,680 ಎಂದೇ ಬರುತ್ತವೆ. ಗುಣಾಕಾರದ ತಾಳೆ ಬಿಟ್ಟುಹೋದ ಅಪವರ್ತನವನ್ನು ಹಿಡಿಯುತ್ತದೆಯೇ ಹೊರತು, ಒಡೆಯದೆ ಉಳಿದ 9ನ್ನು ಹಿಡಿಯುವುದಿಲ್ಲ. 3 ಎಂಬ ಸಾಮಾನ್ಯ ಅಪವರ್ತನ ಮ.ಸಾ.ಅ.ದಿಂದ ಜಾರಿ ಲ.ಸಾ.ಅ.ಕ್ಕೆ ಸೇರಿಕೊಂಡರೆ ಗುಣಲಬ್ಧ ಬದಲಾಗುವುದಿಲ್ಲವಷ್ಟೆ.

ಭಾಗಾಕಾರ ಕ್ರಮದ ಹಾಳೆಯಲ್ಲಿ ಈ ತಪ್ಪಿಗೆ ಎಡೆ ಕಡಿಮೆ. ಎರಡು ಸಂಖ್ಯೆಗಳನ್ನೂ ಒಟ್ಟಿಗೆ 2, 2, 3, 7 ಇವುಗಳಿಂದ ಭಾಗಿಸುತ್ತ ಬಂದರೆ ಕೊನೆಯ ಸಾಲಿನಲ್ಲಿ 6 ಮತ್ತು 5 ಉಳಿಯುತ್ತವೆ. ಎಡಗಡೆಯ ಸಂಖ್ಯೆಗಳ ಗುಣಲಬ್ಧ 84 ಎಂಬುದು ಟೈಲಿನ ಅಳತೆ; ಕೆಳಗಿನ 6 ಮತ್ತು 5 ಉದ್ದಕ್ಕೆ, ಅಗಲಕ್ಕೆ ಬೇಕಾದ ಟೈಲುಗಳು, ಒಟ್ಟು 30. 3ರಿಂದ ಭಾಗಿಸದೆ 2, 2, 7ಕ್ಕೇ ನಿಲ್ಲಿಸಿದವರ ಕೊನೆಯ ಸಾಲಿನಲ್ಲಿ 18 ಮತ್ತು 15 ಇರುತ್ತವೆ. ಎರಡೂ 3ರ ಮಗ್ಗಿಯಲ್ಲಿ ಬರುವುದರಿಂದ ಇನ್ನೂ ದೊಡ್ಡ ಟೈಲ್ ಸಾಧ್ಯವೆಂದು ಮಗುವಿಗೆ ತಾನಾಗಿಯೇ ತಿಳಿಯುತ್ತದೆ. ಎರಡು ಸಂಖ್ಯೆಗಳ ಟೈಲ್ಸ್ ಲೆಕ್ಕಕ್ಕೆ ನಾನು ಈ ಕ್ರಮವನ್ನೇ ಆರಿಸಿಕೊಳ್ಳುತ್ತೇನೆ.

ಆದರೆ ಗಂಟೆಯ ಲೆಕ್ಕದಲ್ಲಿ ಪರಿಸ್ಥಿತಿ ತಿರುಗಿತು. ಮೂರು ಗಂಟೆಗಳು 12, 18 ಮತ್ತು 20 ನಿಮಿಷಗಳಿಗೊಮ್ಮೆ ಬಾರಿಸುತ್ತವೆ. ಬೆಳಿಗ್ಗೆ 8ಕ್ಕೆ ಒಟ್ಟಿಗೆ ಬಾರಿಸಿದರೆ ಮತ್ತೆ ಒಟ್ಟಿಗೆ ಬಾರಿಸುವುದು ಯಾವಾಗ? 2ರಿಂದ ಭಾಗಿಸಿದಾಗ 6, 9, 10 ಬರುತ್ತವೆ. ಮೂರನ್ನೂ ಭಾಗಿಸುವ ಸಂಖ್ಯೆ ಇನ್ನಿಲ್ಲವೆಂದು ಅಲ್ಲಿಯೇ ನಿಲ್ಲಿಸಿದ ಹಲವರು 2 × 6 × 9 × 10 = 1080 ಎಂದರು. ಮ.ಸಾ.ಅ.ಕ್ಕೆ ಅಲ್ಲಿ ನಿಲ್ಲಿಸುವುದು ಸರಿ, ಲ.ಸಾ.ಅ.ಕ್ಕಾದರೆ ಯಾವುದಾದರೂ ಎರಡು ಸಂಖ್ಯೆಗಳಿಗೆ ಸಾಮಾನ್ಯ ಅಪವರ್ತನವಿರುವವರೆಗೂ ಮುಂದುವರಿಯಬೇಕು. ಒಂದೇ ಏಣಿಯಲ್ಲಿ ನಿಲ್ಲುವ ಮೆಟ್ಟಿಲು ಎರಡಾದದ್ದು ಮಕ್ಕಳನ್ನು ಗೊಂದಲಕ್ಕೆ ಕೆಡವಿತು. ಜೊತೆಗೆ, ಗುಣಲಬ್ಧದ ನಿಯಮ ಮೂರು ಸಂಖ್ಯೆಗಳಿಗೆ ಅನ್ವಯಿಸುವುದೂ ಇಲ್ಲ. ವೃಕ್ಷದವರು 2² × 3, 2 × 3², 2² × 5 ಎಂದು ಬರೆದು, ಪ್ರತಿಯೊಂದು ಅವಿಭಾಜ್ಯ ಸಂಖ್ಯೆಯ ಗರಿಷ್ಠ ಘಾತವನ್ನು ಆರಿಸಿ, 4 × 9 × 5 = 180 ನಿಮಿಷ, ಅಂದರೆ 11 ಗಂಟೆ ಎಂದು ತಲುಪಿದರು.

ಆದುದರಿಂದ ಹೊಸ ಹಾಳೆಯಲ್ಲಿ ಟೈಲ್ಸ್‌ಗೆ ಭಾಗಾಕಾರ ಕ್ರಮವನ್ನೂ ಗಂಟೆಗಳಿಗೆ ವೃಕ್ಷವನ್ನೂ ಇಟ್ಟಿದ್ದೇನೆ. ವೃಕ್ಷದ ಕೆಳಗೆ "ತುದಿಯಲ್ಲಿರುವ ಪ್ರತಿಯೊಂದೂ ಅವಿಭಾಜ್ಯವೇ?" ಎಂಬ ಸಾಲನ್ನು ಸೇರಿಸಿದ್ದೇನೆ. 9 ಮಾತ್ರವಲ್ಲ, 51, 57, 91 ಸಹ ಮಕ್ಕಳ ಕಣ್ಣಿಗೆ ಅವಿಭಾಜ್ಯವಾಗಿ ಕಾಣುತ್ತವೆ. ಗಂಟೆಯ ಲೆಕ್ಕದ ಕೊನೆಯಲ್ಲಿ, ದೊರೆತ ಲ.ಸಾ.ಅ.ವನ್ನು ಮೂರೂ ಸಂಖ್ಯೆಗಳಿಂದ ಭಾಗಿಸಿ ಬರೆಯಲು ಖಾಲಿ ಜಾಗವಿದೆ. 180ಕ್ಕೆ 15, 10, 9 ಬರುತ್ತವೆ. ಮೂರಕ್ಕೂ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲ. 1080 ಎಂದು ಬರೆದಿದ್ದ ಹುಡುಗನಿಗೆ ಅದೇ ಜಾಗದಲ್ಲಿ 90, 60, 54 ಬಂದವು. ಅವನು ಮೂರರಲ್ಲೂ 6 ಇರುವುದನ್ನು ಕಂಡು, 1080ನ್ನು 6ರಿಂದ ಭಾಗಿಸಿ, ತಾನು ಬರೆದಿದ್ದ "ಮರುದಿನ ಬೆಳಗಿನ ಜಾವ 2 ಗಂಟೆ" ಎಂಬುದನ್ನು ಹೊಡೆದುಹಾಕಿ "11 ಗಂಟೆ" ಎಂದು ಬರೆದು ತಂದ.