ಮೊದಲು ಲಾಗ್ ಕಲಿಸಬೇಕೋ, ಡ್ಯಾಶ್‌ಬೋರ್ಡ್ ಕಲಿಸಬೇಕೋ?

ಅಂಗಡಿಗಳ ಬಿಲ್ಲಿಂಗ್ ಸಿಸ್ಟಮ್‌ನಿಂದ ಕೇಂದ್ರದ ಸ್ಟಾಕ್ ಲೆಕ್ಕಕ್ಕೆ 15 ನಿಮಿಷಕ್ಕೊಮ್ಮೆ ಸಿಂಕ್ ಓಡುತ್ತದೆ. ಇದರ ಸಪೋರ್ಟ್‌ಗೆ ಬರುವ ಹೊಸಬರಿಗೆ ಸಿಗುವುದು ಐದು ದಿನದ ತರಬೇತಿ. ಅದನ್ನು ಎರಡು ರೀತಿಯಲ್ಲಿ ನಡೆಸಿ ನೋಡಿದ್ದೇವೆ. ಒಂದರಲ್ಲಿ ಮೂರು ದಿನ ಡ್ಯಾಶ್‌ಬೋರ್ಡ್, ಕೊನೆಯ ಎರಡು ದಿನ ಲಾಗ್. ಇನ್ನೊಂದರಲ್ಲಿ ಮೊದಲ ಎರಡು ದಿನ ಬರೀ ಲಾಗ್, ಮೂರನೇ ದಿನ ಡ್ಯಾಶ್‌ಬೋರ್ಡ್, ಉಳಿದೆರಡು ದಿನ ಹಳೆಯ ಟಿಕೆಟ್‌ಗಳ ಮೇಲೆ ಅಭ್ಯಾಸ.

ಡ್ಯಾಶ್‌ಬೋರ್ಡ್ ಮೊದಲು ಕಲಿತವರು ಬೇಗ ಶಿಫ್ಟ್‌ಗೆ ಕೂರುತ್ತಾರೆ, ಅದು ನಿಜವಾದ ಅನುಕೂಲ. ಆದರೆ ಅವರಿಗೆ ಹಸಿರು ಎಂದರೆ ಸರಿ, ಕೆಂಪು ಎಂದರೆ ಇಂಜಿನಿಯರ್‌ಗೆ ಫೋನ್ ಎನ್ನುವ ಲೆಕ್ಕ ಕೂತುಬಿಡುತ್ತದೆ. ಅದು ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಈ ನಾಲ್ಕು ಸಾಲು ನೋಡಿ:

```
03:42:10Z store=17 page=4 status=429 retry_after=30
03:42:41Z store=17 page=4 status=200 rows=500
03:42:43Z store=17 page=5 status=422 sku=KB-210 err="qty < 0"
03:42:43Z store=17 run=done ok=4 failed=1 cursor=unchanged
```

ಅಂಗಡಿಯವರು ದೂರು ಕೊಟ್ಟದ್ದು ಬೆಳಿಗ್ಗೆ 9:12ರ ಬಗ್ಗೆ. ಸಾಲಿನ ಕೊನೆಯ Z ಅಂದರೆ ಯುಟಿಸಿ. ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಇದು ಗೊತ್ತಿಲ್ಲದವರು 09:12 ಎಂದು ಹುಡುಕಿ, ಏನೂ ಸಿಗದೆ, ‘ಲಾಗ್‌ನಲ್ಲಿ ಎರರ್ ಇಲ್ಲ’ ಎಂದು ಟಿಕೆಟ್ ಮುಚ್ಚುತ್ತಾರೆ. ಮೊದಲ ದಿನದ ಮೊದಲ ಗಂಟೆಯಲ್ಲೇ ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿಸಬೇಕು.

ಮೊದಲ ಸಾಲಿನ 429 ಕಂಡು ಗಾಬರಿಯಾಗಬೇಕಿಲ್ಲ. ಎದುರಿನ ಸರ್ವರ್ 30 ಸೆಕೆಂಡ್ ತಡೆದು ಬಾ ಎಂದಿದೆ. ಸಿಂಕ್ ತಡೆದಿದೆ, ಮತ್ತೆ ಹೋಗಿದೆ, 500 ಸಾಲು ಮುಟ್ಟಿವೆ. 422 ಹಾಗಲ್ಲ. ಒಂದು ವಸ್ತುವಿನ ಸ್ಟಾಕ್ ಸೊನ್ನೆಗಿಂತ ಕೆಳಗಿಳಿದಿದೆ, ಆ ಕಾರಣಕ್ಕೆ ಐದನೇ ಪುಟ ಪೂರ್ತಿ ತಿರಸ್ಕೃತವಾಗಿದೆ. ನೂರು ಸಲ ಕಳಿಸಿದರೂ ಉತ್ತರ ಅದೇ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಸಾಲು: cursor, ಅಂದರೆ ಎಲ್ಲಿಯವರೆಗೆ ಕಳಿಸಿದ್ದೇವೆ ಎಂಬ ಗುರುತು, ಮುಂದೆ ಸರಿದಿಲ್ಲ. ಮುಂದಿನ ಸಲವೂ ಸಿಂಕ್ ಇಲ್ಲಿಗೇ ಬಂದು ನಿಲ್ಲುತ್ತದೆ, ಹಿಂದಿರುವ ಮಾರಾಟವೆಲ್ಲ ಬಾಕಿ ಬೀಳುತ್ತಾ ಹೋಗುತ್ತದೆ. ಆದರೂ ಡ್ಯಾಶ್‌ಬೋರ್ಡ್ ಹಸಿರು! ಆ ಬಣ್ಣ ಲೆಕ್ಕ ಹಿಡಿಯುವುದು run=done ಎಂಬುದನ್ನು ಮಾತ್ರ.

ಡ್ಯಾಶ್‌ಬೋರ್ಡ್ ಮೊದಲು ಕಲಿತವರು ಇಲ್ಲಿ ‘ಪೂರ್ತಿ ಸಿಂಕ್’ ಗುಂಡಿ ಒತ್ತುತ್ತಾರೆ. ಅದು ಮೊದಲಿನಿಂದ ಓಡಿ ಅದೇ KB-210ಕ್ಕೆ ಬಂದು ಬೀಳುತ್ತದೆ. ಜೊತೆಗೆ ಎಲ್ಲ ಅಂಗಡಿಗಳಿಗೂ ಹಂಚಿಕೆಯಾಗಬೇಕಾದ, ಸರ್ವರ್‌ಗೆ ಹೋಗುವ ಕರೆಗಳ ಮಿತಿಯನ್ನು ತಿಂದು, ಬೇರೆ ಅಂಗಡಿಗಳಿಗೂ 429 ತರುತ್ತದೆ. ಲಾಗ್ ಮೊದಲು ಕಲಿತವರು ಅಂಗಡಿಗೆ ಫೋನ್ ಮಾಡಿ ಆ ವಸ್ತುವಿನ ಎಣಿಕೆ ಸರಿಮಾಡಿಸಿ, ಮುಂದಿನ ಓಟದಲ್ಲಿ cursor ಸರಿಯಿತೇ ಎಂದು ನೋಡುತ್ತಾರೆ. ಮೂರು ಓಟ, ಅಂದರೆ ಮುಕ್ಕಾಲು ಗಂಟೆ, ಕದಲದಿದ್ದರೆ ಎಸ್ಕಲೇಟ್ ಮಾಡಬೇಕು. ಮೂರು ಎಂದಿಟ್ಟದ್ದಕ್ಕೆ ಕಾರಣ, ನೆಟ್‌ವರ್ಕ್ ಹೋಗಿ ಬರುವಂಥ ತೊಂದರೆಗಳು ಸಾಮಾನ್ಯವಾಗಿ ಎರಡನೇ ಓಟಕ್ಕೇ ಸರಿಹೋಗುತ್ತವೆ.

ಆದ್ದರಿಂದ ಲಾಗ್ ಮೊದಲು ಎನ್ನುವುದೇ ನಮ್ಮ ಆಯ್ಕೆ. ಇಪ್ಪತ್ತು ಹಳೆಯ ಲಾಗ್‌ಗಳನ್ನು ಮುದ್ರಿಸಿ ಕೊಡಿ, ಪ್ರತಿಯೊಂದಕ್ಕೂ ಮೂರೇ ಪ್ರಶ್ನೆ ಕೇಳಿ: ನಮ್ಮ ಸಮಯದಲ್ಲಿ ಇದು ಎಷ್ಟು ಗಂಟೆ, ಸಿಕ್ಕಿಕೊಂಡದ್ದು ಯಾವ ವಸ್ತು, cursor ಸರಿಯಿತೇ. ಡ್ಯಾಶ್‌ಬೋರ್ಡ್ ತೆರೆದ ದಿನ, ಅದರ ಪ್ರತಿ ಅಂಕಿ ಯಾವ ಸಾಲಿನಿಂದ ಹುಟ್ಟಿತು ಎಂದು ಅವರೇ ಹುಡುಕಿ ತೋರಿಸಲಿ. ‘ಕೊನೆಯ ಓಟ’ ಎಂಬ ಅಂಕಿ ಬೇರೆ, ‘ಬಾಕಿ ಇರುವ ಅತಿ ಹಳೆಯ ಬಿಲ್’ ಎಂಬುದು ಬೇರೆ ಎಂದು ಆಗ ತಾನಾಗಿಯೇ ಹೊಳೆಯುತ್ತದೆ, ನಂಬಬೇಕಾದದ್ದು ಎರಡನೆಯದನ್ನು.

ಈ ಕ್ರಮಕ್ಕೂ ಒಂದು ಕುಂದಿದೆ, ಅದು ಸಣ್ಣದಲ್ಲ. ಲಾಗ್‌ನಲ್ಲಿ ಪಳಗಿದವರು ಒಂದೇ ಅಂಗಡಿಯ ಸಾಲುಗಳಲ್ಲಿ ಮುಳುಗಿಬಿಡುತ್ತಾರೆ. ಕೇಂದ್ರದ ಕೀಲಿಯ ಅವಧಿ ಮುಗಿದು ಎಲ್ಲ ಅಂಗಡಿಗೂ ಒಟ್ಟಿಗೆ 401 ಬರುತ್ತಿರುವಾಗ, ಇವರು 17ನೇ ಅಂಗಡಿಯವರಿಗೆ ಮತ್ತೆ ಲಾಗಿನ್ ಆಗಿ ಎನ್ನುತ್ತಾ ಅರ್ಧ ಗಂಟೆ ಕಳೆಯುತ್ತಾರೆ. ಡ್ಯಾಶ್‌ಬೋರ್ಡ್ ಕಲಿತವರು ಇಲ್ಲಿ ಒಂದೇ ನೋಟಕ್ಕೆ ಗೆಲ್ಲುತ್ತಾರೆ. ಅದಕ್ಕಾಗಿ ನಾಲ್ಕನೇ ದಿನದಿಂದ ಒಂದು ಕಟ್ಟುಪಾಡು: ಲಾಗ್ ತೆರೆಯುವ ಮೊದಲು, ಇದೇ ತೊಂದರೆ ಎಷ್ಟು ಅಂಗಡಿಗಿದೆ ಎಂದು ಡ್ಯಾಶ್‌ಬೋರ್ಡ್‌ನಲ್ಲಿ ಎಣಿಸಿ ಟಿಕೆಟ್‌ನ ಮೊದಲ ಸಾಲಲ್ಲಿ ಬರೆಯಬೇಕು. ಎಣಿಕೆ ಒಂದಾದರೆ ಲಾಗ್‌ಗೆ ಇಳಿಯಬಹುದು. ಹಲವು ಅಂಗಡಿಗೆ ಒಂದೇ ಹೊತ್ತಿಗೆ 401 ಬಂದಿದ್ದರೆ ಮೂರು ಓಟ ಕಾಯುವ ಮಾತೇ ಇಲ್ಲ, ಕೂಡಲೇ ಇಂಜಿನಿಯರ್‌ಗೆ ಫೋನ್.